ಸಣ್ಣ ಮಣಿಕಟ್ಟಿನ ಮೇಲೆ ನಾಲ್ಕು ಮಿಲಿಮೀಟರ್

ನನ್ನ ಮಣಿಕಟ್ಟಿನ ಸುತ್ತಳತೆ 15.2 ಸೆಂಟಿಮೀಟರ್. ಈ ಒಂದು ಅಂಕಿಯನ್ನು ಹಿಡಿದುಕೊಂಡು ನಾನು ಕೆಲವು ವರ್ಷಗಳಲ್ಲಿ ಮೂರು ವಾಚುಗಳನ್ನು ಕೊಂಡೆ, ಮೂರನ್ನೂ ಬೇರೆಯವರಿಗೆ ಕೊಟ್ಟೆ. ನಾಲ್ಕನೆಯದು ಈಗ ಕೈಯಲ್ಲಿದೆ. ಮೊದಲನೆಯದಕ್ಕೂ ಇದಕ್ಕೂ ಡಯಲಿನ ಆಚೀಚೆಯ ಅಗಲದಲ್ಲಿ ಮೂರು ಮಿಲಿಮೀಟರ್ ಮಾತ್ರ ವ್ಯತ್ಯಾಸವಿದೆ, ಆದರೆ ಕೈಯ ಮೇಲೆ ಅವು ಎರಡು ಬೇರೆ ಜಾತಿಯ ವಸ್ತುಗಳಂತೆ ಕಾಣುತ್ತವೆ. ಅದು ಏಕೆ ಎಂಬುದನ್ನು ಕಂಡುಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವಾಚಿನ ಕೇಸ್, ಅಂದರೆ ಪಟ್ಟಿ ಬಿಟ್ಟು ಉಳಿದ ಮೈ, 40 ಮಿಲಿಮೀಟರ್ ವ್ಯಾಸದ್ದು. 42, 44ರ ವಾಚುಗಳನ್ನು ಬದಿಗಿಟ್ಟು 40 ಆರಿಸಿಕೊಂಡಾಗ ನಾನು ಸಾಕಷ್ಟು ಎಚ್ಚರಿಕೆ ವಹಿಸಿದ್ದೇನೆಂದೇ ಭಾವಿಸಿದ್ದೆ. ಮನೆಗೆ ಬಂದು ಕಟ್ಟಿಕೊಂಡ ಮೇಲೆ ಏನೋ ಸರಿಯಿಲ್ಲ ಎನಿಸಿತು. ಮೇಲಿನಿಂದ ನೋಡಿದರೆ ಡಯಲ್ ಕೈಯ ಅಗಲದೊಳಗೇ ಇತ್ತು, ಆದರೆ ಬದಿಯಿಂದ ನೋಡಿದಾಗ ಚರ್ಮಕ್ಕೂ ವಾಚಿಗೂ ನಡುವೆ ತ್ರಿಕೋನಾಕಾರದ ಒಂದು ಸಂದು ಕಾಣುತ್ತಿತ್ತು, ಅದರಾಚೆಯ ಬೆಳಕೂ ಕಾಣುತ್ತಿತ್ತು. ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿದರೆ ಸಂದು ಮುಚ್ಚಲಿಲ್ಲ, ಕೈ ನೋಯತೊಡಗಿತು. ಸಡಿಲ ಮಾಡಿದರೆ ವಾಚು ಹೊರಬದಿಗೆ ಜಾರಿ ಮಣಿಕಟ್ಟಿನ ಮೂಳೆಗೆ ತಗಲುತ್ತಿತ್ತು.

ಕೊಳ್ಳುವಾಗ ನಾನು ನೋಡದೇ ಬಿಟ್ಟ ಅಳತೆ ಲಗ್-ಟು-ಲಗ್. ಕೇಸಿನ ಮೇಲೆ ಎರಡು, ಕೆಳಗೆ ಎರಡು, ಪಟ್ಟಿಯನ್ನು ಪಿನ್ನಿನಿಂದ ಸಿಕ್ಕಿಸುವ ಕಾಲುಗಳಿರುತ್ತವಲ್ಲ, ಅವೇ ಲಗ್‌ಗಳು. ಮೇಲಿನ ಲಗ್ಗಿನ ತುದಿಯಿಂದ ಕೆಳಗಿನ ಲಗ್ಗಿನ ತುದಿಯವರೆಗಿನ ಉದ್ದವೇ ಈ ಅಳತೆ. ಕೇಸಿನ ವ್ಯಾಸವು ಕೈಯುದ್ದಕ್ಕೂ ಎಷ್ಟು ಜಾಗ ಬೇಕೆಂಬುದನ್ನು ಹೇಳುತ್ತದೆ, ಮೊಣಕೈಯಿಂದ ಬೆರಳಿನ ಕಡೆಗೆ ಜಾಗಕ್ಕೇನೂ ಬರವಿಲ್ಲ. ಕೈಗೆ ಅಡ್ಡವಾಗಿ, ಅಂದರೆ ಜಾಗ ನಿಜವಾಗಿ ಕಡಿಮೆ ಇರುವ ದಿಕ್ಕಿನಲ್ಲಿ, ಚಾಚಿಕೊಳ್ಳುವುದು ಲಗ್-ಟು-ಲಗ್ ಉದ್ದವೇ. ನನ್ನ 40ರ ವಾಚಿನಲ್ಲಿ ಅದು 48 ಮಿಲಿಮೀಟರ್ ಇತ್ತು.

ವ್ಯಾಸವೂ ಈ ಉದ್ದವೂ ಜೊತೆಜೊತೆಯಾಗಿಯೇ ಏರುತ್ತವೆ, ಇಳಿಯುತ್ತವೆ ಎಂದು ಹಲವರು ಅಂದುಕೊಂಡಿರುತ್ತಾರೆ, ನಾನೂ ಅಂದುಕೊಂಡಿದ್ದೆ. ಆ ನಂಬಿಕೆಯನ್ನು ಕೆಡವಿದ್ದು ಎರಡು ಹೆಸರಾಂತ ವಾಚುಗಳ ಅಳತೆ. ಸೀಕೋ ಎಸ್‌ಕೆಎಕ್ಸ್007 ಎಂಬ ಡೈವರ್ ವಾಚಿನ ವ್ಯಾಸ ಸುಮಾರು 42.5 ಮಿಲಿಮೀಟರ್, ಲಗ್-ಟು-ಲಗ್ ಸುಮಾರು 46. ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಮೆಕ್ಯಾನಿಕಲ್ ಎಂಬ ಸರಳ ವಾಚಿನ ವ್ಯಾಸ 38, ಲಗ್-ಟು-ಲಗ್ ಸುಮಾರು 47. ವ್ಯಾಸದಲ್ಲಿ ನಾಲ್ಕೂವರೆ ಮಿಲಿಮೀಟರ್ ಚಿಕ್ಕದಾದ ವಾಚು ಕೈಗೆ ಅಡ್ಡಲಾಗಿ ಒಂದು ಮಿಲಿಮೀಟರ್ ಹೆಚ್ಚು ಉದ್ದವಿದೆ. ಮೊದಲನೆಯದರ ಲಗ್‌ಗಳು ಮೋಟಾಗಿ ಕೆಳಕ್ಕೆ ಬಾಗಿವೆ, ಎರಡನೆಯದರವು ಕೇಸಿನಿಂದ ಸಾಕಷ್ಟು ದೂರ ಹೊರಚಾಚಿವೆ. ಹಾಗೆಂದು ಆ ಡೈವರ್ ಸಣ್ಣ ಕೈಗೆ ಹೇಳಿ ಮಾಡಿಸಿದ್ದೇನೂ ಅಲ್ಲ, ಅದರ ದಪ್ಪ 13 ಮಿಲಿಮೀಟರನ್ನು ದಾಟುತ್ತದೆ. ಆದರೆ ವ್ಯಾಸವೊಂದನ್ನೇ ನೋಡಿ ಆರಿಸುವುದು ಹೇಗೆ ದಾರಿ ತಪ್ಪಿಸುತ್ತದೆ ಎಂಬುದು ಈ ಜೋಡಿಯಲ್ಲಿ ಸ್ಪಷ್ಟವಾಗಿದೆ.

ಸುತ್ತಳತೆಯೂ ಅಷ್ಟೇ ದಾರಿ ತಪ್ಪಿಸುತ್ತದೆ ಎಂಬುದು ಗೊತ್ತಾದದ್ದು ಅಕ್ಕನಿಂದ. ಒಲ್ಲದ ಆ 40ರ ವಾಚನ್ನು ಅವಳು ಸುಮ್ಮನೆ ಕಟ್ಟಿಕೊಂಡು ನೋಡಿದಳು. ಅವಳ ಕೈ ನನ್ನದಕ್ಕಿಂತ ದೊಡ್ಡದಲ್ಲ, ಟೇಪು ಹಿಡಿದರೆ ಹೆಚ್ಚುಕಡಿಮೆ ಅದೇ 15.2. ಆದರೂ ಅವಳ ಕೈಯಲ್ಲಿ ವಾಚು ತಕ್ಕಮಟ್ಟಿಗೆ ಕೂತಿತು. "ನಿನ್ನ ಕೈ ಸಣ್ಣದು ಅನ್ನೋದಕ್ಕಿಂತ ಗುಂಡಗಿದೆ ಕಣೋ" ಎಂದಳು. ಆಗ ವರ್ನಿಯರ್ ಕ್ಯಾಲಿಪರ್ ತಂದು ಇಬ್ಬರ ಮಣಿಕಟ್ಟಿನ ಅಗಲವನ್ನೂ ದಪ್ಪವನ್ನೂ ಬೇರೆ ಬೇರೆಯಾಗಿ ಅಳೆದೆ. ಅವಳದು 54 ಅಗಲ, 42 ದಪ್ಪ. ನನ್ನದು 50 ಅಗಲ, 47 ದಪ್ಪ. ಸುತ್ತಳತೆ ಒಂದೇ ಆದರೂ ವಾಚು ಕೂರುವ ಚಾವಣಿ ಅವಳಲ್ಲಿ ನಾಲ್ಕು ಮಿಲಿಮೀಟರ್ ಅಗಲ, ಸಾಲದ್ದಕ್ಕೆ ಚಪ್ಪಟೆ. ನನ್ನದು ಕೊಳವೆಯಂತೆ ಎರಡೂ ಕಡೆಗೆ ಬೇಗ ಇಳಿದುಬಿಡುತ್ತದೆ. ಅಂದಿನಿಂದ ನಾನು ಸುತ್ತಳತೆಯನ್ನು ಪಟ್ಟಿಯ ಉದ್ದ ನಿರ್ಧರಿಸಲು ಮಾತ್ರ ಬಳಸುತ್ತೇನೆ, ಕೇಸಿನ ವಿಷಯಕ್ಕೆ ಅಗಲವನ್ನೇ ನೋಡುತ್ತೇನೆ.

ಅಗಲವನ್ನು ಅಳೆಯುವಾಗ ಜಾಗ ಮುಖ್ಯ. ಕಿರುಬೆರಳಿನ ಕಡೆಗೆ ಎದ್ದು ಕಾಣುವ ಗುಂಡು ಮೂಳೆಯ ಮೇಲೆ ಅಳೆದರೆ ಅಳತೆ ಸುಳ್ಳಾಗಿ ಹೆಚ್ಚು ಬರುತ್ತದೆ. ವಾಚು ಕೂರುವುದು ಆ ಮೂಳೆಗಿಂತ ಮೊಣಕೈಯ ಕಡೆಗೆ ಒಂದು ಬೆರಳಿನಷ್ಟು ಹಿಂದೆ, ಆದ್ದರಿಂದ ಕ್ಯಾಲಿಪರಿನ ದವಡೆಗಳನ್ನು ಅಲ್ಲಿಯೇ, ಚರ್ಮವನ್ನು ಒತ್ತದೆ ತಾಗಿಸಬೇಕು. ಕ್ಯಾಲಿಪರ್ ಇಲ್ಲದಿದ್ದರೆ ಕೈಯನ್ನು ಮೇಜಿನ ಮೇಲಿಟ್ಟು ಎರಡೂ ಬದಿಗೆ ಒಂದೊಂದು ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ, ಕೈ ತೆಗೆದು ನಡುವಿನ ಅಂತರವನ್ನು ಅಳತೆಪಟ್ಟಿಯಿಂದ ಅಳೆದರೂ ಸಾಕು. ನಾನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದೆ. ಸೆಕೆಯ ದಿನ ಸಂಜೆಯ ವೇಳೆಗೆ ಸುತ್ತಳತೆ ಮೂರು ನಾಲ್ಕು ಮಿಲಿಮೀಟರ್ ಹೆಚ್ಚುತ್ತಿತ್ತು, ಅಗಲ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತಿತ್ತು.

ಇಷ್ಟು ತಿಳಿದ ಮೇಲೂ ಎರಡನೆಯ ವಾಚಿನಲ್ಲಿ ಎಡವಿದೆ. ಈ ಬಾರಿ 36 ಮಿಲಿಮೀಟರಿನ ತೆಳ್ಳನೆಯ ವಾಚೊಂದನ್ನು ಆರಿಸಿದೆ, ಅದರ ಲಗ್-ಟು-ಲಗ್ 45.5. ಐವತ್ತರ ಅಗಲಕ್ಕೆ ನಲವತ್ತೈದೂವರೆ, ಲೆಕ್ಕದಲ್ಲಿ ಎರಡೂ ಕಡೆ ಎರಡು ಮಿಲಿಮೀಟರಿಗಿಂತ ಹೆಚ್ಚು ಉಳಿಯಬೇಕು. ಉಳಿಯಿತು ಕೂಡ. ಆದರೆ ಲಗ್‌ಗಳು ಹಲಗೆಯಂತೆ ನೇರವಾಗಿದ್ದವು, ತುದಿಗಳು ಗಾಳಿಯಲ್ಲಿ ನಿಂತಿದ್ದವು, ಪಟ್ಟಿ ಅಲ್ಲಿಂದ ಕೆಳಕ್ಕೆ ಧುಮುಕುತ್ತಿತ್ತು. ಅಳತೆ ಸರಿಯಿದ್ದರೂ ಆಕಾರ ಹೊಂದಲಿಲ್ಲ.

ಇದನ್ನು ಕೊಳ್ಳುವ ಮೊದಲೇ ಕಂಡುಹಿಡಿಯುವ ಉಪಾಯವನ್ನು ಹುಡುಕುತ್ತ ಹೋಗಿ ಒಂದು ತಂತಿಯ ಕೆಲಸಕ್ಕೆ ಬಂದು ನಿಂತೆ. ಎರಡು ಮಿಲಿಮೀಟರ್ ದಪ್ಪದ ಮೆತ್ತನೆಯ ಅಲ್ಯೂಮಿನಿಯಂ ತಂತಿಯನ್ನು ಸುಮಾರು ಹನ್ನೆರಡು ಸೆಂಟಿಮೀಟರ್ ತುಂಡರಿಸಿಕೊಂಡೆ. ಕೈಯನ್ನು ಮೇಜಿನ ಮೇಲೆ ಸಹಜವಾಗಿಟ್ಟು, ವಾಚು ಕೂರುವ ಜಾಗದಲ್ಲಿ ತಂತಿಯನ್ನು ಸೇತುವೆಯ ಕಮಾನಿನಂತೆ ಮೇಲಿನಿಂದ ಇಟ್ಟು, ಮೊದಲು ನಡುವೆ, ಆಮೇಲೆ ಬದಿಗಳಿಗೆ ಬೆರಳಿನಿಂದ ಒತ್ತುತ್ತ ಬಂದೆ. ತಂತಿಯನ್ನು ಕೈಯ ಅರ್ಧ ಎತ್ತರಕ್ಕಿಂತ ಕೆಳಗೆ ತರಬಾರದು, ತಂದರೆ ತೆಗೆಯುವಾಗ ಆಕಾರ ಅಗಲವಾಗಿ ಕೆಡುತ್ತದೆ. ಹಾಗೆ ತೆಗೆದ ಕಮಾನನ್ನು ಗ್ರಾಫ್ ಹಾಳೆಯ ಮೇಲೆ ಮಲಗಿಸಿ ಅದರ ಒಳ ಅಂಚನ್ನು ಚೂಪು ಪೆನ್ಸಿಲಿನಿಂದ ಗೆರೆ ಎಳೆದುಕೊಂಡೆ. ಮಣಿಕಟ್ಟಿನ ಮೇಲರ್ಧವು ನಿಜ ಅಳತೆಯಲ್ಲಿ ಕಾಗದದ ಮೇಲೆ ಬಂತು. ನನ್ನ ಕಮಾನಿನಲ್ಲಿ ಚಪ್ಪಟೆ ಎನ್ನಬಹುದಾದ ಭಾಗ ನಡುವಿನ ಮೂರು ಸೆಂಟಿಮೀಟರ್ ಮಾತ್ರ ಇತ್ತು, ಅಕ್ಕನದರಲ್ಲಿ ಸುಮಾರು ನಾಲ್ಕು.

ಮುಂದಿನ ಹಂತವೆಂದರೆ ವಾಚಿನ ಪಕ್ಕನೋಟ. ವಾಚು ಕೈಯಲ್ಲಿದ್ದರೆ ಪಟ್ಟಿ ಬಿಚ್ಚಿ, ಅದನ್ನು ಪಕ್ಕಕ್ಕೆ ನಿಲ್ಲಿಸಿ ಸುತ್ತ ಗೆರೆ ಎಳೆಯಬಹುದು. ಇಲ್ಲದಿದ್ದರೆ ನೇರ ಪಕ್ಕದಿಂದ ತೆಗೆದ ಚಿತ್ರವೊಂದನ್ನು, ಲಗ್ಗಿನ ತುದಿಯಿಂದ ತುದಿಗೆ ತಯಾರಕರು ಹೇಳಿದಷ್ಟೇ ಮಿಲಿಮೀಟರ್ ಬರುವಂತೆ ಹಿಗ್ಗಿಸಿ ಕುಗ್ಗಿಸಿ ಮುದ್ರಿಸಿಕೊಂಡು ರಟ್ಟಿಗೆ ಅಂಟಿಸಿ ಕತ್ತರಿಸುತ್ತೇನೆ. ಆ ರಟ್ಟಿನ ವಾಚನ್ನು ಗ್ರಾಫ್ ಹಾಳೆಯ ಕಮಾನಿನ ಮೇಲೆ ಕೂರಿಸಿದರೆ ಎಲ್ಲವೂ ಕಾಣುತ್ತದೆ. ಬಿಟ್ಟುಕೊಟ್ಟಿದ್ದ 40ರ ವಾಚಿನ ಲಗ್ ತುದಿ ಗೆರೆಯಿಂದ ಆರು ಮಿಲಿಮೀಟರ್ ಮೇಲಿತ್ತು, ಮತ್ತು ಅಲ್ಲಿಗೆ ಮಣಿಕಟ್ಟಿನ ಗೆರೆ ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯತೊಡಗಿತ್ತು. 36ರ ವಾಚಿನ ತುದಿ ಐದು ಮಿಲಿಮೀಟರ್ ಮೇಲಿತ್ತು. ಉದ್ದದಲ್ಲಿ ಎರಡೂವರೆ ಮಿಲಿಮೀಟರ್ ಉಳಿಸಿದರೂ ಸಂದಿನಲ್ಲಿ ಒಂದೇ ಮಿಲಿಮೀಟರ್ ಕಡಿಮೆಯಾದದ್ದನ್ನು ನೋಡಿದಾಗ, ಎರಡನೆಯ ಸಲ ಎಲ್ಲಿ ಎಡವಿದೆನೆಂಬುದು ಕಣ್ಣಿಗೇ ಬಿತ್ತು.

ಅಂಗಡಿಯಲ್ಲಿ ತಂತಿ, ರಟ್ಟು ಎಂದು ಕೂರಲಾಗುವುದಿಲ್ಲ. ಅಲ್ಲಿಗೆ ಇನ್ನೊಂದು ಪರೀಕ್ಷೆ ಸಾಕು. ವಾಚನ್ನು ಗಾಜಿನ ಕಟ್ಟೆಯ ಮೇಲೆ ಡಯಲ್ ಮೇಲಾಗಿ ಮಲಗಿಸಿ, ಪಟ್ಟಿಯನ್ನು ಎರಡೂ ಬದಿಗೆ ಬಿಡಿಸಿಟ್ಟು, ಕಣ್ಣನ್ನು ಕಟ್ಟೆಯ ಮಟ್ಟಕ್ಕೆ ತಂದು ನೋಡಬೇಕು. ಲಗ್ಗಿನ ತುದಿಗಳು ಗಾಜನ್ನು ಮುಟ್ಟಿದ್ದರೆ, ಅಂದರೆ ಬೆನ್ನಿನ ಮುಚ್ಚಳದ ಮಟ್ಟಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿದ್ದರೆ, ಅವು ಕೈಯನ್ನು ತಬ್ಬುವ ಲಗ್‌ಗಳು. ವಾಚು ಬೆನ್ನಿನ ಉಬ್ಬಿನ ಮೇಲೆ ಮಾತ್ರ ನಿಂತು ತುದಿಗಳು ಮೇಲಿದ್ದರೆ, ಅಷ್ಟು ಸಂದನ್ನು ನಿಮ್ಮ ಕೈಯ ಇಳಿಜಾರಿಗೆ ಕೂಡಿಸಿಕೊಳ್ಳಬೇಕು. ನಾನು ಜೇಬಿನಲ್ಲಿದ್ದ ವಿಸಿಟಿಂಗ್ ಕಾರ್ಡುಗಳನ್ನು ಒಂದೊಂದಾಗಿ ತುದಿಯ ಕೆಳಗೆ ತೂರಿಸಿ ನೋಡುತ್ತಿದ್ದೆ. ಒಂದು ವಾಚಿನ ಕೆಳಗೆ ಐದು ಕಾರ್ಡು ಸಲೀಸಾಗಿ ಹೋದವು, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್. ಮಾರುವವರು ಕುತೂಹಲದಿಂದ ನೋಡುತ್ತಿದ್ದರು, ಇರಲಿ.

ಮೂರನೆಯ ವಾಚಿನಲ್ಲಿ ಕೈಕೊಟ್ಟದ್ದು ಲೋಹದ ಚೈನು. ವ್ಯಾಸ 39, ಲಗ್-ಟು-ಲಗ್ 46 ಎಂದು ವಿವರದಲ್ಲಿ ಬರೆದಿತ್ತು, ಲಗ್‌ಗಳೂ ಬಾಗಿದ್ದವು, ರಟ್ಟಿನ ಪರೀಕ್ಷೆಯಲ್ಲಿ ಸಂದು ಮೂರು ಮಿಲಿಮೀಟರಿಗೆ ಇಳಿದಿತ್ತು. ಕಟ್ಟಿಕೊಂಡರೆ ಮೊದಲನೆಯದಕ್ಕಿಂತ ಅಗಲವಾಗಿ ಕಂಡಿತು. ಕಾರಣ ಹುಡುಕಲು ಚೈನನ್ನು ಕೈಯಲ್ಲಿ ಹಿಡಿದು ಮಡಚಿ ನೋಡಿದೆ. ಕೇಸಿಗೆ ತಾಗಿಕೊಂಡಿರುವ ಮೊದಲ ಕೊಂಡಿಯ ನಡುಭಾಗ ಲಗ್ಗಿನ ತುದಿಯನ್ನು ದಾಟಿ ಮುಂದಕ್ಕೆ ಚಾಚಿಕೊಂಡಿತ್ತು, ಅದು ಅಲುಗುತ್ತಲೇ ಇರಲಿಲ್ಲ. ಚೈನು ಬಾಗತೊಡಗುತ್ತಿದ್ದುದು ಅದರಾಚೆ. ಒಂದು ಕಡೆಯ ಬಾಗುವ ಬಿಂದುವಿನಿಂದ ಇನ್ನೊಂದು ಕಡೆಯ ಬಿಂದುವಿಗೆ ಅಳೆದರೆ 52 ಮಿಲಿಮೀಟರ್ ಬಂತು, ನನ್ನ ಮಣಿಕಟ್ಟಿನ ಅಗಲಕ್ಕಿಂತ ಎರಡು ಹೆಚ್ಚು. ಕಾಗದದ ಮೇಲೆ 46 ಇದ್ದದ್ದು ಕೈಯ ಮೇಲೆ 52 ಆಗಿತ್ತು. ಹೀಗಾಗಿ ಚೈನಿರುವ ವಾಚಿಗೆ ನಾನು ಈಗ ಲಗ್ಗಿನ ತುದಿಯನ್ನು ಅಳೆಯುವುದೇ ಇಲ್ಲ, ಮೊದಲು ಬಾಗುವ ಜಾಗವನ್ನು ಅಳೆಯುತ್ತೇನೆ. ಅಂಥ ವಾಚಿಗೆ ಚರ್ಮದ ಪಟ್ಟಿ ಹಾಕಿದರೆ ಅಳತೆ ಮತ್ತೆ 46ಕ್ಕೆ ಮರಳುತ್ತದೆ. ಚೈನು ಕೇಸಿನೊಂದಿಗೆ ಒಂದೇ ಮೈಯಾಗಿ ಬೆಸೆದಂತಿರುವ ವಿನ್ಯಾಸಗಳಲ್ಲಿ ಮಾತ್ರ ಈ ದಾರಿಯೂ ಸುಲಭವಿಲ್ಲ, ಏಕೆಂದರೆ ಅವಕ್ಕೆ ಸಾಮಾನ್ಯ ಪಟ್ಟಿ ಕೂರುವುದಿಲ್ಲ.

ಇಷ್ಟಾದ ಮೇಲೆ ನನಗೆ ಹೊಂದುವ ಮಿತಿಯನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಂಡೆ: ಲಗ್-ಟು-ಲಗ್ 44ರ ಸುತ್ತಮುತ್ತ, ಅಂದರೆ ಮಣಿಕಟ್ಟಿನ ಅಗಲದ ಶೇಕಡಾ 88, ಲಗ್ ಚೆನ್ನಾಗಿ ಬಾಗಿದ್ದರೆ 46ರವರೆಗೆ. ಇದು ಎಲ್ಲರಿಗೂ ಒಪ್ಪುವ ಸೂತ್ರವಲ್ಲ. ಅಕ್ಕನಂತೆ ಚಪ್ಪಟೆ ಕೈಯವರು ಶೇಕಡಾ 90 ದಾಟಿದರೂ ಏನೂ ಕೆಡುವುದಿಲ್ಲ. ನಾಲ್ಕನೆಯ ವಾಚು 37 ವ್ಯಾಸದ್ದು, ಲಗ್-ಟು-ಲಗ್ 44, ದಪ್ಪ ಗಾಜೂ ಸೇರಿ 10. ರಟ್ಟಿನ ಪರೀಕ್ಷೆಯಲ್ಲಿ ತುದಿಯ ಸಂದು ಒಂದೂವರೆ ಮಿಲಿಮೀಟರ್ ಬಂದಿತ್ತು, ಕೈಯಲ್ಲಿ ಅದು ಪಟ್ಟಿಯ ದಪ್ಪದ ಹಿಂದೆ ಮರೆಯಾಯಿತು. ಮೊದಲ ವಾಚಿನ 48ಕ್ಕೂ ಇದರ 44ಕ್ಕೂ ನಡುವಿನ ನಾಲ್ಕು ಮಿಲಿಮೀಟರ್ ಎಂದರೆ ಪ್ರತಿ ಬದಿಗೆ ಎರಡು. ಆದರೆ ಗುಂಡನೆಯ ಕೈಯಲ್ಲಿ ಆ ಎರಡು ಮಿಲಿಮೀಟರ್ ಬೀಳುವುದು ಇಳಿಜಾರು ಅತ್ಯಂತ ಕಡಿದಾಗಿರುವ ಜಾಗದಲ್ಲೇ.

ಕೂರುವ ಪ್ರಶ್ನೆ ಮುಗಿದರೂ ಕಾಣುವ ಪ್ರಶ್ನೆ ಬೇರೆ ಇದೆ. ವಾಚು ದೊಡ್ಡದಾಗಿ ಕಾಣುವುದಕ್ಕೆ ಕೇಸಿನ ವ್ಯಾಸಕ್ಕಿಂತ ಡಯಲಿನ ವಿಸ್ತಾರ ಹೆಚ್ಚು ಕಾರಣ. ಮೇಲೆ ಹೇಳಿದ ಡೈವರಿನ ಕೇಸ್ 42.5 ಇದ್ದರೂ ಗಾಜಿನ ವ್ಯಾಸ 31.5 ಮಾತ್ರ, ಉಳಿದದ್ದೆಲ್ಲ ತಿರುಗುವ ಬಳೆ. ಅಂಚೇ ಇಲ್ಲವೆನ್ನುವಷ್ಟು ತೆಳ್ಳಗಿನ ಬಳೆಯ, ಬಿಳಿ ಡಯಲಿನ 38ರ ವಾಚು ಅದರ ಪಕ್ಕದಲ್ಲಿ ದೊಡ್ಡ ಮುಖದ್ದಾಗಿ ಕಾಣಬಲ್ಲದು. ಕಪ್ಪು ಡಯಲ್ ಸ್ವಲ್ಪ ಕುಗ್ಗಿದಂತೆ ಕಾಣುತ್ತದೆ. ಚೌಕದ ವಾಚಿನಲ್ಲಿ ಅಂಕಿಯನ್ನು ನಂಬಲೇಬಾರದು: 33 ಮಿಲಿಮೀಟರ್ ಬದಿಯ ಚೌಕವು ವಿಸ್ತೀರ್ಣದಲ್ಲಿ 37ಕ್ಕಿಂತ ತುಸು ಹೆಚ್ಚಿನ ವ್ಯಾಸದ ವೃತ್ತಕ್ಕೆ ಸಮ.

ದಪ್ಪದ ಬಗ್ಗೆ ನಾನು ವ್ಯಾಸದಷ್ಟೇ ಕಟ್ಟುನಿಟ್ಟು. 37ರ ಕೇಸಿಗೆ 13ರ ದಪ್ಪವಿದ್ದರೆ ಅದು ಡಬ್ಬಿಯಂತೆ ಎದ್ದು ನಿಲ್ಲುತ್ತದೆ, ಭಾರ ಮೇಲಾಗಿ ಗುಂಡು ಕೈಯ ಮೇಲೆ ಒಂದು ಬದಿಗೆ ವಾಲುತ್ತದೆ. ಕ್ರೌನ್, ಅಂದರೆ ಮುಳ್ಳು ತಿರುಗಿಸಲು ಕೇಸಿನ ಬದಿಯಲ್ಲಿರುವ ಗುಂಡಿ, ಅದರ ಕಡೆಗೂ ಒಮ್ಮೆ ಗಮನ ಕೊಡಬೇಕು, ಏಕೆಂದರೆ ವ್ಯಾಸದ ಅಂಕಿಯಲ್ಲಿ ಸಾಮಾನ್ಯವಾಗಿ ಅದನ್ನು ಸೇರಿಸುವುದಿಲ್ಲ. ಕೈಯನ್ನು ಹಿಂದಕ್ಕೆ ಪೂರ್ತಿ ಮಡಚಿದಾಗ ಕ್ರೌನ್ ಮುಂಗೈಯ ಬೆನ್ನಿಗೆ ಚುಚ್ಚಿದರೆ, ವಾಚು ಮೂಳೆಯ ಹಿಂದೆ ಇನ್ನೂ ಸರಿಯಲು ಜಾಗವಿದೆಯೇ ಎಂದು ನೋಡಿ ಆಮೇಲೆ ತೀರ್ಮಾನಿಸುತ್ತೇನೆ.

ಕಾಣುವ ಪ್ರಶ್ನೆಯಲ್ಲಿ ಅತಿ ಹೆಚ್ಚು ಮೋಸ ಮಾಡುವುದು ಫೋನಿನ ಕ್ಯಾಮೆರಾ. ಇಪ್ಪತ್ತು ಸೆಂಟಿಮೀಟರ್ ದೂರದಿಂದ ತೆಗೆದ ಚಿತ್ರದಲ್ಲಿ ಲೆನ್ಸಿಗೆ ಹತ್ತಿರವಿರುವ ವಾಚು ಉಬ್ಬಿ, ಅದರ ಹಿಂದಿನ ಕೈ ಕಿರಿದಾಗಿ ಕಾಣುತ್ತದೆ. 37ರ ವಾಚೂ ಅಲ್ಲಿ ತಟ್ಟೆಯಂತೆ ತೋರುತ್ತದೆ. ಇಂಥ ಚಿತ್ರವನ್ನು ನೋಡಿಯೇ ಸರಿಹೊಂದುವ ವಾಚೊಂದನ್ನು ನಾನು ಒಮ್ಮೆ ವಾಪಸು ಮಾಡಿದ್ದೆ. ಈಗ ಆಳೆತ್ತರದ ಕನ್ನಡಿಯ ಮುಂದೆ ಎರಡು ಮೀಟರ್ ದೂರದಲ್ಲಿ, ಕೈಯನ್ನು ಸಹಜವಾಗಿ ಇಳಿಬಿಟ್ಟು ನೋಡುತ್ತೇನೆ, ಅಥವಾ ಒಂದು ಮೀಟರ್ ದೂರದಿಂದ ಜೂಮ್ ಮಾಡಿ ಬೇರೆಯವರಿಂದ ಚಿತ್ರ ತೆಗೆಸುತ್ತೇನೆ.

ಕೊನೆಗೆ ಉಳಿದದ್ದು ಪಟ್ಟಿ. ಹೊಸ ವಾಚಿನ ಲಗ್‌ಗಳ ನಡುವಿನ ಅಗಲ 18 ಮಿಲಿಮೀಟರ್, ಕೇಸಿನ ಹೆಚ್ಚುಕಡಿಮೆ ಅರ್ಧ. ಅದು ಕಣ್ಣಿಗೆ ಒಪ್ಪಿತು, ಆದರೆ ಜೊತೆಗೆ ಬಂದ ಪಟ್ಟಿ ಒಪ್ಪಲಿಲ್ಲ. ಬಕಲ್ ಇರುವ ತುಂಡು 75 ಮಿಲಿಮೀಟರ್, ತೂತುಗಳಿರುವ ತುಂಡು 120, ಸಾಮಾನ್ಯವಾಗಿ ಸಿಗುವ ಅಳತೆ. ನನ್ನ ಸುತ್ತಳತೆ 152. ಅದರಲ್ಲಿ ವಾಚು, ಪಿನ್ನಿನಿಂದ ಪಿನ್ನಿಗೆ, ಸುಮಾರು 39ನ್ನು ತುಂಬುತ್ತದೆ. ಉಳಿದ 113ರ ನಡುಮಧ್ಯ ಪಿನ್ನಿನಿಂದ 56ರ ಬಳಿ ಬರುತ್ತದೆ. ಪಟ್ಟಿ ಒಂದಿಷ್ಟು ಸಡಿಲವಾಗಿಯೇ ಇರುತ್ತದೆಂದು ಹಿಡಿದು 60 ಎಂದುಕೊಂಡರೂ, 75ರ ತುದಿಯಲ್ಲಿರುವ ಬಕಲ್ ನಡುವನ್ನು ಹದಿನೈದು ಮಿಲಿಮೀಟರ್ ದಾಟಿ ಇನ್ನೊಂದು ಬದಿಗೆ ಏರಿ ಕೂರುತ್ತಿತ್ತು. ಆ ಎಳೆತಕ್ಕೆ ಮೇಲಿನ ಡಯಲೂ ಓರೆಯಾಗುತ್ತಿತ್ತು. ನಾನು ಮೊದಲು ಕೇಸಿನಲ್ಲೇ ತಪ್ಪು ಹುಡುಕಿ ಎರಡು ದಿನ ತಲೆ ಕೆಡಿಸಿಕೊಂಡೆ. 65 ಮತ್ತು 105ರ ಮೋಟು ಪಟ್ಟಿ ತರಿಸಿ ಹಾಕಿದ ಮೇಲೆ ಬಕಲ್ ಅಂಗೈ ಕಡೆಯ ನಡುವಿಗೆ ಹತ್ತಿರ ಬಂತು, ಮೂರನೆಯ ತೂತಿಗೆ ಸಿಕ್ಕಿತು, ಸಂಜೆ ಕೈ ಉಬ್ಬಿದಾಗ ಸಡಿಲಿಸಲು ಎರಡು ತೂತು ಉಳಿದವು, ಡಯಲ್ ಮೂಳೆಯ ಹಿಂದೆ ನೆಟ್ಟಗೆ ಕೂತಿತು.